ವರ್ಷದ ಪ್ಲಾನೋ, ತಿಂಗಳ ಪ್ಲಾನೋ: ಅಂಗಡಿಯವರು ಮೊದಲು ಕೇಳಬೇಕಾದ್ದು ಬಿಡುವ ದಿನದ ಲೆಕ್ಕ

ಮೊಬೈಲ್ ರೀಚಾರ್ಜ್ ಮಾಡಿಸುವಾಗ 28 ದಿನದ್ದೋ, 365 ದಿನದ್ದೋ ಎಂದು ನಾವೆಲ್ಲ ಒಮ್ಮೆಯಾದರೂ ತಲೆ ಕೆರೆದುಕೊಂಡವರೇ. ವರ್ಷದ್ದು ಹಾಕಿಸಿದರೆ ದಿನದ ಲೆಕ್ಕದಲ್ಲಿ ಅಗ್ಗ. ಆದರೆ ಒಂದೇ ಸಲಕ್ಕೆ ದೊಡ್ಡ ದುಡ್ಡು ಕೈಬಿಡುತ್ತದೆ. ಹಾಗಿದ್ದರೂ ಅಂಗಡಿಗೆ ಹೋಗಿ ಹಾಕಿಸುವ ರೀಚಾರ್ಜ್‌ನಲ್ಲಿ ಒಂದು ನೆಮ್ಮದಿ ಇದೆ. ಅವಧಿ ಮುಗಿದ ದಿನ ಅದು ತಾನಾಗಿಯೇ ನಿಲ್ಲುತ್ತದೆ. ಬೇಡವೆಂದರೆ ಸುಮ್ಮನಿದ್ದರೆ ಸಾಕು.

ಈಗ ನಮ್ಮ ಹೋಬಳಿ ಊರಿನ ಅಂಗಡಿಗಳಿಗೂ ಬಂದಿರುವ ಬಿಲ್ಲಿಂಗ್ ಸಾಫ್ಟ್‌ವೇರ್, ಸ್ಟಾಕ್ ಆ್ಯಪ್, ಸೌಂಡ್ ಬಾಕ್ಸ್ ಇವೆಲ್ಲ ಹಾಗಲ್ಲ. ಇಲ್ಲಿ ಸುಮ್ಮನಿದ್ದರೆ ದುಡ್ಡು ಹೋಗುತ್ತಲೇ ಇರುತ್ತದೆ. ನಿಲ್ಲಬೇಕಾದರೆ ನಾವು ನಿಲ್ಲಿಸಬೇಕು. ವರ್ಷದ ಪ್ಲಾನ್‌ನಲ್ಲಿ 'ನಿಲ್ಲಿಸು' ಎಂದರೆ ಒಂದು ಅರ್ಥ, ತಿಂಗಳ ಪ್ಲಾನ್‌ನಲ್ಲಿ ಇನ್ನೊಂದು ಅರ್ಥ. ಇದನ್ನು ತಿಳಿಯದೆ ಬರೀ ರಿಯಾಯಿತಿ ನೋಡಿ ಆರಿಸಿದರೆ ಲೆಕ್ಕ ಅರ್ಧವೇ ಆದಂತೆ.

ನಾನು ಜಿಲ್ಲಾ ಸುದ್ದಿಗಾರ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮುಂಗಡ ಕಟ್ಟುವುದು ಎಂದರೆ ಏನು ಎಂಬುದು ನನಗೆ ಚೆನ್ನಾಗಿ ಗೊತ್ತು. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದ್ದೇನೆ ಎಂಬ ಒಂದೇ ಕಾರಣಕ್ಕೆ ಮನೆ ಮಂದಿಯೆಲ್ಲ ಇಂಗ್ಲಿಷ್ ಕಾಗದ ಕಂಡರೆ ನನ್ನ ಕೈಗೆ ಕೊಡುತ್ತಾರೆ. ಹಿರಿಯೂರು ಕಡೆ ಮೋಟರ್, ಪೈಪು, ಸ್ಟಾರ್ಟರ್ ಮಾರುವ ನಮ್ಮ ದೊಡ್ಡಮ್ಮನ ಮಗ ಹೋದ ವರ್ಷ ಜನವರಿಯಲ್ಲಿ ಹಾಗೆಯೇ ಒಂದು ಫೋನ್ ಕೊಟ್ಟ. ಪರದೆಯ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದರ ಎರಡು ದರ ಇದ್ದವು. ತಿಂಗಳಿಗೆ 500 ರೂಪಾಯಿ. ಅಥವಾ ವರ್ಷಕ್ಕೆ 4,200 ರೂಪಾಯಿ. ಎರಡಕ್ಕೂ ಮೇಲೆ ಶೇಕಡಾ 18 ಜಿಎಸ್‌ಟಿ.

"ವರ್ಷದ್ದು ತಗಂಡ್ರೆ 1,800 ಉಳಿತೈತಂತೆ ಕಣೋ ತಮ್ಮ. ಇವತ್ತೇ ಲಾಸ್ಟ್ ಡೇಟ್ ಅಂತಾನೆ ಆ ಹುಡುಗ" ಅಂದ.

"ಅಣ್ಣ, ವರ್ಷದಲ್ಲಿ ಎಷ್ಟು ತಿಂಗಳು ನಿಂಗೆ ಇದು ಬೇಕು?" ಅಂತ ಕೇಳಿದೆ.

ಅವನು ಬೆರಳು ಮಡಚತೊಡಗಿದ. ಬೋರ್‌ವೆಲ್ ಕೊರೆಸುವುದು, ಮೋಟರ್ ಸುಡುವುದು, ಪೈಪು ಇಳಿಸುವುದು ಎಲ್ಲ ಬೇಸಿಗೆಯ ಕಡೆಗೇ. ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ಇಪ್ಪತ್ತು ಮೂವತ್ತು ಬಿಲ್ಲು. ಮಳೆ ಬಿದ್ದ ಮೇಲೆ ದಿನಕ್ಕೆ ಎರಡಾದರೆ ಹೆಚ್ಚು. ಅದಕ್ಕೆ ಬಿಲ್ ಪುಸ್ತಕ ಸಾಕು.

ಇಲ್ಲಿಂದ ಲೆಕ್ಕ ಸುಲಭ. ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿ. 4,200 ಭಾಗಿಸು 500, ಎಂಟೂವರೆಗೆ ಸ್ವಲ್ಪ ಕಡಿಮೆ. ಅಂದರೆ ಎಂಟು ತಿಂಗಳವರೆಗೆ ಬಳಸಿದರೆ ತಿಂಗಳ ಪ್ಲಾನ್ ಅಗ್ಗ, ಒಂಬತ್ತನೇ ತಿಂಗಳಿಂದ ವರ್ಷದ್ದು ಅಗ್ಗ. ಎರಡರ ಮೇಲೂ ಜಿಎಸ್‌ಟಿ ಒಂದೇ ಪ್ರಮಾಣದಲ್ಲಿ ಬೀಳುವುದರಿಂದ ಈ ತಿಂಗಳ ಸಂಖ್ಯೆ ಬದಲಾಗುವುದಿಲ್ಲ. 1,800 ಉಳಿಯುತ್ತದೆ ಎಂದು ಆ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅದು ಹನ್ನೆರಡು ತಿಂಗಳೂ ಬಳಸುವವನಿಗೆ ಉಳಿಯುವ ದುಡ್ಡು. ಆರೇ ತಿಂಗಳು ಬಳಸುವವನಿಗೆ ವರ್ಷದ ಪ್ಲಾನ್‌ನಿಂದ 1,200 ರೂಪಾಯಿ ಹೆಚ್ಚೇ ಹೋಗುತ್ತದೆ. ಅಣ್ಣನದು ಕಾಂಪೋಸಿಷನ್ ಜಿಎಸ್‌ಟಿ. ಹಾಗಾಗಿ ಕಟ್ಟಿದ ಶೇಕಡಾ 18ನ್ನು ಅವನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಪಡೆಯಲು ಬರುವುದಿಲ್ಲ. ಅದೂ ಸೇರಿದರೆ ವ್ಯತ್ಯಾಸ 1,416 ರೂಪಾಯಿ.

ಆದರೆ ಈ ಲೆಕ್ಕ ನಿಲ್ಲುವುದು ಒಂದೇ ಷರತ್ತಿನ ಮೇಲೆ. ಜೂನ್ ಮುಗಿದಾಗ ನಿಜವಾಗಿ ಬಿಡಲು ಆಗಬೇಕು. ಬಿಡುವುದು ಹೇಗೆ ಎಂದು ನೋಡದೆ ತಿಂಗಳ ಪ್ಲಾನ್ ಅಗ್ಗ ಎಂದು ಹೇಳುವಂತಿಲ್ಲ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಇಬ್ಬರೂ ಕೂತು ಷರತ್ತುಗಳ ಪುಟವನ್ನು ಓದಿದೆವು. ಅಲ್ಲಿದ್ದದ್ದನ್ನು ಒಂದೊಂದಾಗಿ ಹೇಳುತ್ತೇನೆ. ಬೇರೆ ಬೇರೆ ಕಂಪನಿಗಳ ಷರತ್ತು ಬೇರೆ ಇರಬಹುದು, ಆದರೆ ಹೆಚ್ಚಿನವು ಇದೇ ಧಾಟಿಯವು.

ಮೊದಲು ತಿಂಗಳ ಪ್ಲಾನ್. ಅಣ್ಣ ಜನವರಿ 10ಕ್ಕೆ ಶುರು ಮಾಡಿದ ಎನ್ನಿ. ಪ್ರತಿ ತಿಂಗಳ 10ನೇ ತಾರೀಕು ದುಡ್ಡು ಹೋಗುತ್ತದೆ. ಜೂನ್ 25ಕ್ಕೆ ರದ್ದು ಮಾಡಿದರೆ ಆ ಕ್ಷಣಕ್ಕೆ ಸಾಫ್ಟ್‌ವೇರ್ ನಿಲ್ಲುವುದಿಲ್ಲ. ಜೂನ್ 10ಕ್ಕೆ ಕಟ್ಟಿದ ದುಡ್ಡು ಜುಲೈ 9ರವರೆಗೆ ನಡೆಯುತ್ತದೆ. ಉಳಿದ ಹದಿನೈದು ದಿನದ ದುಡ್ಡು ವಾಪಸ್ ಬರುವುದಿಲ್ಲ, ಆದರೆ ಜುಲೈ 10ಕ್ಕೆ ಹೊಸದಾಗಿ ಹೋಗುವುದೂ ಇಲ್ಲ. ಒಟ್ಟು ಆರು ಕಂತು, 3,000 ರೂಪಾಯಿ. ಇಲ್ಲಿ ರದ್ದು ಮಾಡುವುದರಿಂದ ಮುಂದಿನ ತಿಂಗಳ ದುಡ್ಡು ಉಳಿಯುತ್ತದೆ. ತಡ ಮಾಡಿದರೆ ಹೆಚ್ಚೆಂದರೆ ಒಂದು ತಿಂಗಳ ನಷ್ಟ.

ಇನ್ನು ವರ್ಷದ ಪ್ಲಾನ್. ಅದೇ ಜನವರಿ 10ಕ್ಕೆ 4,200 ಮತ್ತು ಜಿಎಸ್‌ಟಿ, ಒಟ್ಟು 4,956 ರೂಪಾಯಿ ಒಮ್ಮೆಗೇ ಹೋಯಿತು. ಜೂನ್ 25ಕ್ಕೆ ರದ್ದು ಮಾಡಿದರೆ? ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಕೊಂಡ ಮೊದಲ ಕೆಲವು ದಿನಗಳಲ್ಲಿ ಮಾತ್ರ ಹಣ ವಾಪಸ್ ಕೊಡುತ್ತೇವೆ ಎಂದು ಕೆಲವರು ಬರೆದಿರುತ್ತಾರೆ, ಆ ಗಡುವು ದಾಟಿದರೆ ಮುಗಿಯಿತು. ಸಾಫ್ಟ್‌ವೇರ್ ಮುಂದಿನ ಜನವರಿ 9ರವರೆಗೆ ನಡೆಯುತ್ತದೆ, ಬಳಸಿದರೂ ಸರಿ, ಬಿಟ್ಟರೂ ಸರಿ. ಹಾಗಾದರೆ ಜೂನ್‌ನಲ್ಲಿ ಒತ್ತಿದ ರದ್ದು ಬಟನ್ ಮಾಡಿದ್ದೇನು? ಬರುವ ವರ್ಷದ ದುಡ್ಡು ಹೋಗದಂತೆ ತಡೆದದ್ದು, ಅಷ್ಟೇ. ಅದಕ್ಕೇ ಎಷ್ಟೋ ಕಡೆ ವರ್ಷದ ಪ್ಲಾನ್‌ನಲ್ಲಿ ಆ ಬಟನ್ನಿನ ಹೆಸರೇ Turn off auto-renew ಎಂದಿರುತ್ತದೆ. ಅದು ಈ ವರ್ಷವನ್ನು ಬಿಡಿಸುವ ಬಟನ್ ಅಲ್ಲ.

ಅದನ್ನು ಒತ್ತದೆ ಮರೆತರೆ ಏನಾಗುತ್ತದೆ ಎನ್ನುವುದು ಇನ್ನೂ ಮುಖ್ಯ. ಯುಪಿಐ ಆಟೋಪೇ ಅಥವಾ ಕಾರ್ಡ್ ಮೇಲೆ ಹೀಗೆ ತಾನಾಗಿ ಹೋಗುವ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮೊದಲ ಸಲ ಅನುಮತಿ ಕೊಡುವಾಗ ಪಿನ್ ಅಥವಾ ಒಟಿಪಿ ಬೇಕು. ಆಮೇಲಿನ ಕಂತುಗಳು 15,000 ರೂಪಾಯಿಯೊಳಗಿದ್ದರೆ ಮತ್ತೆ ಪಿನ್ ಕೇಳುವುದಿಲ್ಲ. ಕತ್ತರಿಸುವ ಕನಿಷ್ಠ 24 ಗಂಟೆ ಮೊದಲು ತಿಳಿಸುವ ಸಂದೇಶ ಬರಬೇಕು, ಅಷ್ಟೇ. ಅಣ್ಣನಂಥವರ ವರ್ಷದ ಕಂತು 4,956. ಅಂದರೆ ಅದು ಯಾರನ್ನೂ ಕೇಳದೆ ಹೋಗುವ ಮೊತ್ತ. ಲೋನಿನದು, ಲಾಟರಿಯದು, ರೀಚಾರ್ಜಿನದು ಎಂದು ದಿನಕ್ಕೆ ನಲವತ್ತು ಸಂದೇಶ ಬರುವ ಫೋನಿನಲ್ಲಿ ಆ ಒಂದು ಸಂದೇಶ ಕಣ್ಣಿಗೆ ಬಿದ್ದರೆ ಅದೃಷ್ಟ. ತಿಂಗಳ ಪ್ಲಾನ್‌ನಲ್ಲಿ ಮರೆವಿಗೆ 590 ರೂಪಾಯಿ ದಂಡ. ವರ್ಷದ ಪ್ಲಾನ್‌ನಲ್ಲಿ ಅದೇ ಮರೆವಿಗೆ 4,956 ರೂಪಾಯಿ.

ಅನುಮತಿ ಕೊಡುವ ಪರದೆಯಲ್ಲಿ ಇನ್ನೊಂದು ಸಾಲು ಇರುತ್ತದೆ, ಗರಿಷ್ಠ ಮೊತ್ತ ಎಂದು. ದರ 4,956 ಇದ್ದರೂ ಗರಿಷ್ಠ ಮೊತ್ತ ಅದಕ್ಕಿಂತ ಬಹಳ ಹೆಚ್ಚು ಇರಬಹುದು. ಈ ವರ್ಷದ ರಿಯಾಯಿತಿ ಬರುವ ವರ್ಷವೂ ಇರುತ್ತದೆ ಎಂದು ಷರತ್ತಿನಲ್ಲಿ ಬರೆದಿಲ್ಲದಿದ್ದರೆ, ಆ ಗರಿಷ್ಠ ಮೊತ್ತದೊಳಗೆ ಹೊಸ ದರವನ್ನು ಕತ್ತರಿಸಲು ದಾರಿ ತೆರೆದೇ ಇದೆ ಎಂದರ್ಥ. ಆ ಸಾಲನ್ನು ಓದಿಯೇ ಪಿನ್ ಒತ್ತಿ.

ಈ ಎರಡರ ನಡುವೆ ಮೂರನೆಯದೊಂದು ಇದೆ. ನೋಡಲು ತಿಂಗಳ ಪ್ಲಾನ್, ಒಳಗೆ ವರ್ಷದ ಪ್ಲಾನ್. ಪರದೆಯ ಮೇಲೆ Annual, billed monthly ಎಂದಿರುತ್ತದೆ. ಅಂದರೆ ವರ್ಷಕ್ಕೆ ಒಪ್ಪಿಕೊಂಡಿದ್ದೀರಿ, ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ಟುತ್ತೀರಿ. ಫೋಟೊ ಸ್ಟುಡಿಯೊದವರು ಬಳಸುವ ಫೋಟೊಶಾಪ್ ಮಾಡುವ ಅಡೋಬಿ ಕಂಪನಿ ಇಂಥ ಪ್ಲಾನ್‌ಗೆ ಹೆಸರಾದದ್ದು. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧವನ್ನು ಬಿಡುವ ಶುಲ್ಕವಾಗಿ ಕಟ್ಟಬೇಕು ಎಂಬುದು ಅದರ ಷರತ್ತಾಗಿತ್ತು. ಈ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ಕಾಣುವಂತೆ ತಿಳಿಸಿಲ್ಲ, ರದ್ದು ಮಾಡುವುದನ್ನೂ ಕಷ್ಟ ಮಾಡಿದೆ ಎಂದು ಆರೋಪಿಸಿ ಅಮೆರಿಕದ ಸರ್ಕಾರ 2024ರ ಜೂನ್‌ನಲ್ಲಿ ಕಂಪನಿಯ ಮೇಲೆ ದಾವೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು.

ಈ ಮೂರನೇ ಬಗೆ ಅಣ್ಣನ ಅಂಗಡಿಗೆ ಬಂದಿದ್ದರೆ ಲೆಕ್ಕ ಹೀಗೆ ಬೀಳುತ್ತಿತ್ತು. ವರ್ಷದ 4,200ನ್ನು ಹನ್ನೆರಡು ಮಾಡಿದರೆ ತಿಂಗಳಿಗೆ 350. ಆರು ತಿಂಗಳಿಗೆ 2,100 ಕಟ್ಟಿದ. ಬಿಡುತ್ತೇನೆ ಎಂದಾಗ ಉಳಿದ 2,100ರ ಅರ್ಧ, ಅಂದರೆ 1,050 ದಂಡ. ಒಟ್ಟು 3,150. ತಿಂಗಳಿಗೆ 500ರ ಪ್ಲಾನ್‌ನಲ್ಲಿ ಆರು ತಿಂಗಳಿಗೆ ಹೋಗುವುದು 3,000. ಅಗ್ಗವಾಗಿ ಕಂಡ 350 ಕೊನೆಗೆ ದುಬಾರಿಯಾಯಿತು. ಆದ್ದರಿಂದ ದೊಡ್ಡಕ್ಷರದಲ್ಲಿ ತಿಂಗಳ ದರ ಕಂಡರೆ ಅದರ ಕೆಳಗಿನ ಸಣ್ಣಕ್ಷರ ನೋಡಿ. billed annually ಎಂದಿದ್ದರೆ ಇಡೀ ವರ್ಷದ ದುಡ್ಡು ಈಗಲೇ ಹೋಗುತ್ತದೆ. Annual, billed monthly ಎಂದಿದ್ದರೆ ವರ್ಷದ ಮಧ್ಯೆ ಬಿಟ್ಟರೆ ದಂಡ ಎಷ್ಟೆಂದು ಹುಡುಕಿ. ಎರಡೂ ಇಲ್ಲದೆ ಬರೀ Monthly ಎಂದಿದ್ದರೆ ಮಾತ್ರ ಅದು ನಿಜವಾದ ತಿಂಗಳ ಪ್ಲಾನ್.

ಅಣ್ಣ ತಿಂಗಳ ಪ್ಲಾನ್ ತಗೊಂಡ. ಬೇಸಿಗೆ ಪೂರ್ತಿ ಚೆನ್ನಾಗಿಯೇ ನಡೆಯಿತು. ಜೂನ್ ಕೊನೆಗೆ ಬಿಡುವ ಹೊತ್ತಿಗೆ ಎರಡು ಕೆಲಸ ಇದ್ದವು.

ಮೊದಲನೆಯದು ಉದ್ರಿ ಲೆಕ್ಕ. ನಮ್ಮ ಕಡೆ ಮೋಟರ್ ಒಯ್ದವರು ಎಲ್ಲರೂ ಕೈಯಲ್ಲಿ ದುಡ್ಡು ಕೊಡುವುದಿಲ್ಲ. ಶೇಂಗಾ ಬಂದ ಮೇಲೆ, ಈರುಳ್ಳಿ ಮಾರಿದ ಮೇಲೆ ಕೊಡುತ್ತಾರೆ. ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಆರು ತಿಂಗಳಿಂದ ಸಾಫ್ಟ್‌ವೇರಿನೊಳಗೇ ಇತ್ತು. ಪ್ಲಾನ್ ಮುಗಿದ ಮೇಲೆ ಕೆಲವು ದಿನ ಲೆಕ್ಕ ಕಾಣುತ್ತದೆ, ಆಮೇಲೆ ಅಳಿಸುತ್ತೇವೆ ಎಂದು ಷರತ್ತಿನಲ್ಲಿತ್ತು. ಬಿಡುವುದರ ನಿಜವಾದ ಬೆಲೆ ಇರುವುದು ಇಲ್ಲಿ. 500 ರೂಪಾಯಿ ಉಳಿಸಲು ಹೋಗಿ ಲಕ್ಷದ ಉದ್ರಿ ಲೆಕ್ಕ ಕಳೆದುಕೊಂಡರೆ ಏನು ಬಂತು? ಅದಕ್ಕೆ ರದ್ದು ಬಟನ್ ಒತ್ತುವ ಮೊದಲೇ ಗಿರಾಕಿಗಳ ಬಾಕಿ ಪಟ್ಟಿ, ಎಲ್ಲ ಬಿಲ್ಲು, ಸ್ಟಾಕ್ ಪಟ್ಟಿ ಮೂರನ್ನೂ ಎಕ್ಸೆಲ್ ಮತ್ತು ಪಿಡಿಎಫ್ ಆಗಿ ಇಳಿಸಿಕೊಂಡೆವು. ಒಂದು ಪ್ರತಿ ಪೆನ್‌ಡ್ರೈವ್‌ಗೆ, ಒಂದು ಅವನ ಮೇಲ್‌ಗೆ. ಬಾಕಿ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟ. ಇಳಿಸಿದ ಕಡತವನ್ನು ತೆರೆದು, ನೆನಪಿರುವ ಎರಡು ಹೆಸರಿನ ಬಾಕಿ ಸರಿಯಿದೆಯೇ ಎಂದು ತಾಳೆ ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಜಿಎಸ್‌ಟಿ ಇರುವವರು ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ ಇಟ್ಟುಕೊಳ್ಳಬೇಕು. ಸಾಫ್ಟ್‌ವೇರ್ ಬಿಟ್ಟರೂ ಈ ಹೊಣೆ ಬಿಡುವುದಿಲ್ಲ. ವರ್ಷದ ಪ್ಲಾನ್ ಮುಗಿಸುವವರಿಗೂ ಇದು ಅನ್ವಯ.

ಎರಡನೆಯದು, ಎರಡು ಕಡೆ ನಿಲ್ಲಿಸುವುದು. ಕಂಪನಿಯ ಚಂದಾ ಬೇರೆ, ಬ್ಯಾಂಕಿಗೆ ಕೊಟ್ಟ ಅನುಮತಿ ಬೇರೆ. ಮೊದಲು ಸಾಫ್ಟ್‌ವೇರಿನ ಖಾತೆಯೊಳಗೆ ಹೋಗಿ ರದ್ದು ಮಾಡಿ, ರದ್ದಾಗಿದೆ ಎಂಬ ಮೇಲ್ ಅಥವಾ ಪರದೆಯ ಚಿತ್ರ ಇಟ್ಟುಕೊಳ್ಳಬೇಕು. ಆಮೇಲೆ ಯುಪಿಐ ಆ್ಯಪ್‌ನಲ್ಲಿ Autopay ಅಥವಾ Mandates ಎಂಬ ಜಾಗಕ್ಕೆ ಹೋಗಿ ಆ ಕಂಪನಿಯ ಅನುಮತಿಯನ್ನೂ ತೆಗೆಯಬೇಕು. ಅನುಮತಿ ತೆಗೆಯುವುದು ನಮ್ಮ ಹಕ್ಕು, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ. ಆದರೆ ಬರೀ ಅನುಮತಿ ತೆಗೆದು ಸುಮ್ಮನಾದರೆ ಕರಾರು ಮುರಿದಂತಲ್ಲ. ಮುಂಗಡ ಕಟ್ಟುವ ತಿಂಗಳ ಪ್ಲಾನ್ ಆದರೆ ಸೇವೆ ನಿಲ್ಲುತ್ತದೆ, ಅಷ್ಟೇ. ವರ್ಷಕ್ಕೆ ಒಪ್ಪಿಕೊಂಡ ಪ್ಲಾನ್ ಆದರೆ ಬಾಕಿ ನಿಮ್ಮ ಹೆಸರಿನಲ್ಲಿ ಬೆಳೆಯುತ್ತದೆ. ಹಾಗೆಯೇ ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ Subscriptions ಪುಟದಲ್ಲಿಯೇ ರದ್ದು ಮಾಡಬೇಕು.

ಸೌಂಡ್ ಬಾಕ್ಸ್ ವಿಷಯ ಇನ್ನೂ ಬೇರೆ. ಸುದ್ದಿಗೆಂದು ತಿರುಗುವಾಗ ಎಷ್ಟೋ ಅಂಗಡಿಯವರು ಹೇಳಿದ ಮಾತಿದು. ಡಬ್ಬಿ ಕೆಟ್ಟಿತೆಂದು ಮೂಲೆಗೆ ಇಟ್ಟರು, ಬಾಡಿಗೆ ಹೋಗುತ್ತಲೇ ಇತ್ತು. ಆಟೋಪೇ ಪಟ್ಟಿ ನೋಡಿದರೆ ಅಲ್ಲಿ ಏನೂ ಇಲ್ಲ. ಏಕೆಂದರೆ ಆ ಬಾಡಿಗೆಯನ್ನು ಸಾಮಾನ್ಯವಾಗಿ ಅಂಗಡಿಗೆ ಬರಬೇಕಾದ ದಿನದ ಹಣದಲ್ಲಿಯೇ ಮುರಿದುಕೊಳ್ಳುತ್ತಾರೆ. ಕಂಪನಿಯ ಅಂಗಡಿ ಆ್ಯಪ್‌ನಲ್ಲಿ ಬಂದ ಹಣದ ವಿವರ ತೆರೆದು, ಗಿರಾಕಿಗಳು ಕೊಟ್ಟ ಒಟ್ಟಿಗೂ ಖಾತೆಗೆ ಬಿದ್ದ ಒಟ್ಟಿಗೂ ವ್ಯತ್ಯಾಸ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಯಂತ್ರ ಇರುವ ಕಡೆ ರದ್ದು ಎಂದರೆ ಯಂತ್ರ ವಾಪಸ್ ಕೊಡುವುದು. ರದ್ದು ಕೋರಿಕೆ ಹಾಕಿ, ಕೋರಿಕೆ ಸಂಖ್ಯೆ ಬರೆದುಕೊಂಡು, ಡಬ್ಬಿ ಒಯ್ದವರಿಂದ ಒಯ್ದಿದ್ದಕ್ಕೆ ಸಾಕ್ಷಿ ಪಡೆಯುವವರೆಗೆ ಅದು ಮುಗಿದಿಲ್ಲ.

ತಕರಾರು ಬಂದರೆ ಯಾರ ಹತ್ತಿರ ಹೋಗುವುದು ಎಂದು ಅಣ್ಣ ಕೇಳಿದ. ಚಂದಾದಿಂದ ಹೊರಬರಲು ಬಿಡದಂತೆ ಬಟನ್ ಬಚ್ಚಿಡುವುದು, ಸುತ್ತಾಡಿಸುವುದು ಇವನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸುತ್ತದೆ. ದೂರಿಗೆ 1915 ಸಹಾಯವಾಣಿ ಇದೆ. ಆದರೆ ಅಂಗಡಿಯವರಿಗೆ ಇಲ್ಲೊಂದು ತೊಡಕು. ವಾಣಿಜ್ಯ ಉದ್ದೇಶಕ್ಕೆ ಸೇವೆ ಕೊಂಡವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ಎಂದು ಎಣಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ವಸ್ತು ಕೊಂಡವರಿಗೆ ವಿನಾಯಿತಿ ಇದೆ. ಸಾಫ್ಟ್‌ವೇರ್‌ನಂಥ ಸೇವೆಯಲ್ಲಿ ಎದುರು ಕಂಪನಿ ಇದೇ ಅಂಶ ಹಿಡಿದು ವಾದ ಎತ್ತಬಹುದು. ಮನೆಗೆ ಕೊಂಡವರಿಗಿರುವಷ್ಟು ಗಟ್ಟಿ ನೆಲ ಅಂಗಡಿಗೆ ಕೊಂಡವರಿಗಿಲ್ಲ. ಹಾಗಾಗಿ ಕಟ್ಟುವ ಮೊದಲು ಷರತ್ತು ಓದುವುದು ಅಂಗಡಿಯವರಿಗೆ ಇನ್ನೂ ಹೆಚ್ಚು ಅಗತ್ಯ.

ಇಷ್ಟು ಓದಿ ವರ್ಷದ ಪ್ಲಾನ್ ಕೆಟ್ಟದ್ದು ಎಂದುಕೊಳ್ಳಬೇಡಿ. ಅಣ್ಣನ ಪಕ್ಕದಲ್ಲೇ ಮೆಡಿಕಲ್ ಸ್ಟೋರ್ ಇದೆ. ಅವರಿಗೆ ಹನ್ನೆರಡು ತಿಂಗಳೂ ಬಿಲ್ಲು, ಔಷಧಿಯ ಅವಧಿ ಮುಗಿಯುವ ತಾರೀಕು ನೋಡಲೂ ಅದೇ ಸಾಫ್ಟ್‌ವೇರ್. ಅವರು ತಿಂಗಳ ಪ್ಲಾನ್‌ನಲ್ಲಿದ್ದರೆ ವರ್ಷಕ್ಕೆ 6,000 ಹೋಗುತ್ತಿತ್ತು. ವರ್ಷದ್ದು ತಗೊಂಡು 1,800 ಉಳಿಸಿದರು. ಮಧ್ಯದಲ್ಲಿ ದರ ಏರಿದರೂ ಕಟ್ಟಿದ ವರ್ಷಕ್ಕೆ ಅವರನ್ನು ಮುಟ್ಟುವುದಿಲ್ಲ. ಆದರೆ ಅವರೂ ಮೊದಲು ಎರಡು ತಿಂಗಳು ತಿಂಗಳ ಪ್ಲಾನ್‌ನಲ್ಲಿ ನೋಡಿ, ತಮ್ಮ ಕೆಲಸಕ್ಕೆ ಒಗ್ಗುತ್ತದೆ ಎಂದಾದ ಮೇಲೆಯೇ ವರ್ಷದ್ದಕ್ಕೆ ಹೋದವರು. ಆ ಎರಡು ತಿಂಗಳ 1,000 ರೂಪಾಯಿ ಪರೀಕ್ಷೆಯ ಖರ್ಚು. ಹೊಸ ಸಾಫ್ಟ್‌ವೇರ್ ಒಗ್ಗದೆ ಹೋಗಿದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತಿತ್ತು, 4,200ಕ್ಕೆ ಏರುತ್ತಿರಲಿಲ್ಲ. 'ಇವತ್ತೇ ಲಾಸ್ಟ್ ಡೇಟ್' ಎಂದ ರಿಯಾಯಿತಿ ಅವರಿಗೆ ಎರಡು ತಿಂಗಳ ನಂತರವೂ ಸಿಕ್ಕಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಈ ವರ್ಷದ ಜನವರಿಯಲ್ಲಿ ಅಣ್ಣ ಮತ್ತೆ ತಿಂಗಳ ಪ್ಲಾನನ್ನೇ ಶುರು ಮಾಡಿದ. ಇಳಿಸಿಟ್ಟ ಎಕ್ಸೆಲ್ ಕಡತವನ್ನು ಮತ್ತೆ ಏರಿಸಿ ಹಳೆ ಬಾಕಿ ಮುಂದುವರಿಸಿದ. ಮೆಡಿಕಲ್ ಸ್ಟೋರಿನವರು ವರ್ಷದ್ದರಲ್ಲೇ ಇದ್ದಾರೆ, ಅವಧಿ ಮುಗಿಯುವ ಹದಿನೈದು ದಿನ ಮೊದಲಿನ ತಾರೀಕಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದಾರೆ. ಆ ದಿನ ದರ ನೋಡಿ, ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ನಿಮ್ಮ ಅಂಗಡಿಯಲ್ಲೂ ವರ್ಷದ ಪ್ಲಾನ್ ಇದ್ದರೆ, ಅದು ಯಾವ ತಾರೀಕಿಗೆ ತಾನಾಗಿ ಮುಂದುವರಿಯುತ್ತದೆ ಎಂದು ಈಗಲೇ ಖಾತೆ ತೆರೆದು ನೋಡಿ. ಸಿಕ್ಕ ತಾರೀಕಿಗಿಂತ ಹದಿನೈದು ದಿನ ಹಿಂದಕ್ಕೆ ಒಂದು ಸುತ್ತು ಹಾಕಿಡಿ.